ಮೊದಲ ರಾತ್ರಿ ನಿಮಿರದಿದ್ದರೆ ನರ ಸತ್ತಂತಲ್ಲ: ಸ್ಪಷ್ಟನೆ

“ಮೊದಲ ರಾತ್ರಿ ನಿಮಿರದಿದ್ದರೆ ನರ ಸತ್ತಿದೆ ಎಂದರ್ಥ. ಕೂಡಲೇ ಪುಡಿ ತರಿಸಿಕೊಳ್ಳಿ.”

ಕಲಬುರಗಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು. ಹರೆಯದವರಲ್ಲಿ ಬರೀ ಭಯವೇ ಇದಕ್ಕೆ ಸಾಕು. ಹೆದರಿದಾಗ ದೇಹ ಅಡ್ರಿನಲಿನ್ ಎಂಬ ಹಾರ್ಮೋನ್ ಬಿಡುತ್ತದೆ. ಶಿಶ್ನದೊಳಗಿನ ಸ್ನಾಯು ಸಡಿಲವಾದರೆ ಮಾತ್ರ ರಕ್ತ ತುಂಬುತ್ತದೆ. ಅಡ್ರಿನಲಿನ್ ಅದನ್ನು ಬಿಗಿಯಾಗಿಸುತ್ತದೆ. ಆಸೆ ಇದ್ದರೂ ಅಷ್ಟೇ.

ಸೇಡಂ ಕಡೆಯ ಹುಡುಗನೊಬ್ಬನ ಮದುವೆ ಅಂದುಕೊಳ್ಳಿ. ಎರಡು ದಿನ ನಿದ್ದೆಯಿಲ್ಲ, ಬಾಗಿಲಾಚೆ ನೆಂಟರ ಗದ್ದಲ. ಆ ರಾತ್ರಿ ಆಗಲಿಲ್ಲ. ಮರುದಿನ ಅವನ ಗಮನ ಹೆಂಡತಿಯ ಮೇಲಿಲ್ಲ, ‘ಇವತ್ತಾದರೂ ಆಗುತ್ತಾ’ ಎಂದು ತನ್ನ ಮೇಲೇ ಕಣ್ಣಿಟ್ಟಿರುತ್ತಾನೆ. ಭಯ ಜಾಸ್ತಿ, ಮತ್ತೆ ಸೋಲು. ಮೂರನೇ ದಿನ ನೆಪ ಹೇಳಿ ಹೊರಗೆ ಮಲಗುತ್ತಾನೆ. ಚಕ್ರ ತಿರುಗುವುದು ಹೀಗೆ.

ನರ ಸರಿಯಿದೆಯಾ ಅಂತ ತಿಳಿಯಲು ಬೆಳಗ್ಗೆ ಏಳುವಾಗ ಗಮನಿಸಿ. ಆಗ, ಇಲ್ಲವೇ ಒಬ್ಬರೇ ಇದ್ದಾಗ, ಚೆನ್ನಾಗಿ ನಿಮಿರುತ್ತಿದ್ದರೆ ನರ, ರಕ್ತನಾಳ ಬಹುತೇಕ ಸರಿಯಾಗಿವೆ. ವಾರಗಟ್ಟಲೆ ಒಮ್ಮೆಯೂ ಆಗದಿದ್ದರೆ ವೈದ್ಯರ ಬಳಿ ಶುಗರ್, ಬಿಪಿ ತೋರಿಸಿ, ತಗೊಳ್ಳುತ್ತಿರುವ ಮಾತ್ರೆಗಳನ್ನೂ ಹೇಳಿ.

ಭಯದ್ದಾದರೆ ವೈದ್ಯರು ಹೇಳುವುದು ವಿಚಿತ್ರ ಅನ್ನಿಸಬಹುದು: ಕೆಲವು ವಾರ ಸಂಭೋಗವೇ ಬೇಡ, ಸುಮ್ನೆ ಮುಟ್ಟುವುದು, ಅಪ್ಪಿಕೊಳ್ಳುವುದು ಸಾಕು. ಪರೀಕ್ಷೆಯೇ ಇಲ್ಲದಿದ್ದರೆ ಫೇಲಾಗುವ ಭಯ ಎಲ್ಲಿಂದ ಬರಬೇಕು, ಅಲ್ವಾ?

ಇಂಥ ಕೆಲವು ಪುಡಿಗಳಲ್ಲಿ ಹೇಳದೆ ಸಿಲ್ಡೆನಾಫಿಲ್ ಎಂಬ ನಿಮಿರುವಿಕೆಯ ಔಷಧ ಬೆರೆಸಿದ್ದು ಸಿಕ್ಕಿದೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ಳುವವರಿಗೆ ಅದು ಜೀವಕ್ಕೇ ಅಪಾಯ. ಪುಡಿ ತರಿಸಿಕೊಳ್ಳಿ ಎನ್ನುವ ಆ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.