ರೆಕಾರ್ಡ್ ಮೊದಲು ಹೋಗಲಿ, ಫೋಟೊ ಆಮೇಲೆ

"ರೆಕಾರ್ಡ್ ಬಂದಿದೆ, ಫೋಟೊ ಬಂದಿಲ್ಲ. ಎರಡನ್ನೂ ಒಟ್ಟಿಗೇ ಕಳಿಸೋದು ಒಳ್ಳೇದಲ್ವಾ?"

ಬೇಡ ಸರ್. ಭಾಗಮಂಡಲದ ಕಡೆ ಕಾಫಿ ತೋಟಗಳಲ್ಲಿ ನಾವು ಕಾಂಡಕೊರಕ ಹಿಡಿದ ಗಿಡಗಳನ್ನು ಆ್ಯಪ್‌ನಲ್ಲಿ ಗುರುತಿಸುತ್ತೇವೆ. ರೆಕಾರ್ಡ್ 1 ಕೆಬಿಯೂ ಇರಲ್ಲ, ಫೋಟೊ 4 ಎಂಬಿ. ಒಟ್ಟಿಗೆ ಕಟ್ಟಿದರೆ ಫೋಟೊ ಅರ್ಧಕ್ಕೆ ನಿಂತಾಗ ರೆಕಾರ್ಡೂ ಫೋನಲ್ಲೇ ಉಳಿಯುತ್ತದೆ.

ಫೋಟೊ ತೆಗೆದ ಕೂಡಲೇ ಫೋನಿನಲ್ಲೇ ಅದರ SHA-256 ಹ್ಯಾಶ್ ಲೆಕ್ಕ ಹಾಕಿ, ಅದನ್ನೇ ರೆಕಾರ್ಡ್‌ನಲ್ಲಿ ಬರೆಯಿರಿ. ಯುಆರ್‌ಎಲ್ ಬರೆಯಬೇಡಿ, ಅಪ್‌ಲೋಡ್ ಆಗುವ ತನಕ ಅದು ಇರುವುದೇ ಇಲ್ಲ. ರೆಕಾರ್ಡ್ ತಕ್ಷಣ ಹೋಗಲಿ, ಫೋಟೊದ ಸ್ಥಿತಿ ಸರ್ವರ್‌ನಲ್ಲಿ `pending` ಅಂತ ಇರಲಿ. ಫೋಟೊ ತುಂಡು ತುಂಡಾಗಿ ಬಂದು ಮುಗಿದ ಮೇಲೆ ಸರ್ವರ್ ತಾನೇ ಮತ್ತೆ ಹ್ಯಾಶ್ ಲೆಕ್ಕ ಹಾಕಬೇಕು. ತಾಳೆಯಾದರೆ ಮಾತ್ರ `ready`. ಈ ಸ್ಥಿತಿಯನ್ನು ರೆಕಾರ್ಡ್ ಒಳಗೆ ಇಡಬೇಡಿ, ಹ್ಯಾಶ್‌ಗೊಂದರಂತೆ ಬೇರೆ ಟೇಬಲ್‌ನಲ್ಲಿಡಿ. ಇಲ್ಲದಿದ್ದರೆ ಹಳೇ ರೆಕಾರ್ಡ್ ಇಟ್ಟುಕೊಂಡ ಇನ್ನೊಂದು ಫೋನ್ ಸಿಂಕ್ ಆದಾಗ `ready` ಹೋಗಿ ಮತ್ತೆ `pending` ಆಗಿಬಿಡುತ್ತದೆ. `ready` ಅಂತ ಉತ್ತರ ಬರುವ ತನಕ ಫೋನಿನ ಪ್ರತಿಯನ್ನೂ ಅಳಿಸಬಾರದು.

ಜಾಸ್ತಿ ತೊಂದರೆ ಕೊಡುವುದು ಅಳಿಸುವ ಕೆಲಸ. ಒಂದು ರೆಕಾರ್ಡ್ ಅಳಿಸಿದಿರಿ ಅಂದುಕೊಳ್ಳಿ. ಅದೇ ಫೋಟೊವನ್ನು ತಮ್ಮ ರೆಕಾರ್ಡ್‌ಗೂ ಸೇರಿಸಿದ ಇನ್ನೊಬ್ಬರು ಆಟಿ ಮಳೆಗೆ ನೆಟ್‌ವರ್ಕ್ ಇಲ್ಲದೆ ಕೂತಿರಬಹುದು. ಸರ್ವರ್ ಆಗಲೇ ಫೈಲ್ ಗುಡಿಸಿ ಹಾಕಿದ್ದರೆ, ಅವರ ರೆಕಾರ್ಡ್ ಬಂದಾಗ ತೋರಿಸಲು ಫೋಟೊ ಇರುವುದಿಲ್ಲ. ಅದಕ್ಕೇ ಯಾವ ರೆಕಾರ್ಡೂ ಬಳಸದ ಫೈಲ್‌ಗೆ ಮೊದಲು ದಿನಾಂಕದ ಗುರುತು ಹಾಕಿ. 30 ದಿನ ಬಿಟ್ಟು, ಯಾರೂ ಬಳಸುತ್ತಿಲ್ಲ ಅಂತ ಮತ್ತೊಮ್ಮೆ ನೋಡಿ ಅಳಿಸಿ. ನಿಮ್ಮ ಫೋನ್‌ಗಳು ಅದಕ್ಕಿಂತ ಜಾಸ್ತಿ ದಿನ ಆಫ್‌ಲೈನ್ ಇರುತ್ತವಾದರೆ ಅವಧಿಯನ್ನೂ ಹೆಚ್ಚಿಸಿ.