ಹಪ್ಪಳ ಒಣಗಿಲ್ಲ, ತಪ್ಪು ತಿಳಿಯಬೇಡಿ

"ತಡವಾಗಿದ್ದಕ್ಕೆ ಕ್ಷಮೆ ಇರಲಿ" ಅನ್ನುವ ಮೆಸೇಜು ಬಾರದ ಮೊಬೈಲು ಈಗ ಸಿಗುವುದು ಕಷ್ಟ. ಅದನ್ನು ಓದಿ ಯಾರಾದರೂ ಕ್ಷಮಿಸಿದ್ದನ್ನು ಮಾತ್ರ ನಾನು ಕಂಡಿಲ್ಲ. ಓದುವವರಿಗೆ ಬೇಕಾದ್ದು ಒಂದೇ: ಯಾವಾಗ ಬರುತ್ತದೆ? ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿರುತ್ತದೆ. ಅನಿವಾರ್ಯ ಕಾರಣ ಇರುತ್ತದೆ, ಶೀಘ್ರದಲ್ಲೇ ಇರುತ್ತದೆ, ನಮ್ಮ ಸಹಕಾರಕ್ಕೆ ಧನ್ಯವಾದವೂ ಇರುತ್ತದೆ. ನಾವು ಸಹಕಾರ ಕೊಟ್ಟಿದ್ದು ಯಾವಾಗ ಅಂತ ನಮಗೇ ಗೊತ್ತಿರುವುದಿಲ್ಲ.

ಶಿರಸಿ ಕಡೆಯ ನಮ್ಮ ಅತ್ತಿಗೆ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಆರ್ಡರು ಬರುವುದು ವಾಟ್ಸಾಪಿನಲ್ಲಿ, ಹೆಚ್ಚಿನವು ಬೆಂಗಳೂರಿನಿಂದ. ಬಲಿತ ಕಾಯಿಯ ತೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು, ಉಪ್ಪು ಖಾರ ಹಾಕಿ ರುಬ್ಬಿ ಒತ್ತುವುದು, ಇಷ್ಟೆಲ್ಲ ಮನೆಯವರ ಕೈಯಲ್ಲಿದೆ. ಆಮೇಲಿನದು ಬಿಸಿಲಿನ ಕೆಲಸ. ಎರಡು ಮೂರು ದಿನ ಚೆನ್ನಾಗಿ ಕಾಯಬೇಕು. ಮೇ ತಿಂಗಳಲ್ಲಿ ಮಧ್ಯಾಹ್ನ ಗುಡುಗಿ ಮಳೆ ಬಂತೋ, ಎಲ್ಲರೂ ಓಡಿ ಚಾಪೆ ಒಳಗೆ ಎಳೆಯಬೇಕು. ಮುರಿದರೆ ಟಕ್ ಅನ್ನಬೇಕು ಹಪ್ಪಳ. ಬಾಗಿದರೆ ಇನ್ನೊಂದು ಬಿಸಿಲು ಬೇಕು. ಆತುರಪಟ್ಟು ಡಬ್ಬಿಗೆ ತುಂಬಿದರೆ ಬೂಸಲು ಹಿಡಿಯುತ್ತದೆ.

ಒಂದು ವರ್ಷ ಹೀಗೇ ಮಳೆ ಹಿಡಿಯಿತು. ಶನಿವಾರ ಕಳಿಸುತ್ತೇನೆ ಅಂದಿದ್ದರು. ಆಗುವುದಿಲ್ಲ ಅಂತ ಬುಧವಾರವೇ ಗೊತ್ತಾಯಿತು. ಇಂಥ ಹೊತ್ತಿನಲ್ಲಿ ಯಾರಿಗಾದರೂ ಒಂದು ಆಸೆ ಹುಟ್ಟುತ್ತದೆ. ನಾಳೆ ಒಳ್ಳೆ ಬಿಸಿಲು ಬಂದರೆ? ಸುಮ್ನೆ ಈಗಲೇ ಯಾಕೆ ಹೇಳಬೇಕು? ಆದರೆ ಶನಿವಾರ ರಾತ್ರಿ ಗಿರಾಕಿಯೇ "ಏನಾಯ್ತು ಅಕ್ಕ?" ಅಂತ ಕೇಳಿದ ಮೇಲೆ ಮಳೆಯ ವಿಷಯ ಹೇಳಿದರೆ, ಅದು ಎಷ್ಟೇ ನಿಜವಾಗಿದ್ದರೂ ನೆಪದ ಹಾಗೆ ಕೇಳುತ್ತದೆ. ಅತ್ತಿಗೆ ಬುಧವಾರ ಸಂಜೆಯೇ ಬರೆದರು:

"ನಮಸ್ಕಾರ. ಎರಡು ದಿನದಿಂದ ಇಲ್ಲಿ ಮಧ್ಯಾಹ್ನ ಮಳೆ. ನಿಮ್ಮ ಐವತ್ತು ಹಪ್ಪಳ ಒತ್ತಿ ಆಗಿದೆ, ಒಣಗಿಲ್ಲ. ಶನಿವಾರ ಕಳಿಸಲು ಆಗುವುದಿಲ್ಲ, ತಪ್ಪು ತಿಳಿಯಬೇಡಿ. ಮುಂದಿನ ಗುರುವಾರ ಕಳಿಸುತ್ತೇನೆ. ಅಷ್ಟು ದಿನ ಕಾಯಲು ಆಗದಿದ್ದರೆ ಹೇಳಿ, ದುಡ್ಡು ಇವತ್ತೇ ವಾಪಸ್ ಹಾಕುತ್ತೇನೆ."

ಇದರಲ್ಲಿ ನನಗೆ ಹಿಡಿಸಿದ್ದು ಆ ಗುರುವಾರ. ಅವರ ಲೆಕ್ಕದಲ್ಲಿ ಸೋಮವಾರಕ್ಕೇ ಆಗಬಹುದಿತ್ತು. ಇನ್ನೂ ಎರಡು ಮಳೆಗೆ ಜಾಗ ಬಿಟ್ಟು ದಿನ ಹೇಳಿದ್ದರು. ಮೊದಲ ಸಲ ತಡ ಅಂದರೆ ಜನ ಒಪ್ಪುತ್ತಾರೆ. ಸೋಮವಾರ ಅಂದು, ಮತ್ತೆ ಬುಧವಾರ ಅಂದರೆ, ಆಮೇಲೆ ಹೇಳುವ ಯಾವ ವಾರಕ್ಕೂ ಬೆಲೆ ಇರುವುದಿಲ್ಲ.

ಇನ್ನೊಂದು ವಿಷಯ ಮೊಬೈಲಿನದು. ಎಲ್ಲರಿಗೂ ಒಂದೇ ಏಟಿಗೆ ಕಳಿಸಲು ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ, ಅಲ್ವಾ? ಅತ್ತಿಗೆ ಮೊದಲು ಅದನ್ನೇ ಬಳಸುತ್ತಿದ್ದರು. ಆದರೆ ನಮ್ಮ ನಂಬರು ತಮ್ಮ ಮೊಬೈಲಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹೊಸ ಗಿರಾಕಿ ಸೇವ್ ಮಾಡಿರುವುದಿಲ್ಲ. ಇತ್ತ ಕಳಿಸಿದವರು ಹೇಳಿಬಿಟ್ಟೆವು ಅಂತ ನಿರಾಳ, ಅತ್ತ ಅವರಿಗೆ ಏನೂ ಗೊತ್ತಿಲ್ಲ. ಮೆಸೇಜ್ ಇನ್ಫೋ ತೆಗೆದು ಯಾರಿಗೆ ಡೆಲಿವರಿ ಆಗಿದೆ ಅಂತ ನೋಡಿದರೆ ಬಿಟ್ಟುಹೋದವರು ಸಿಗುತ್ತಾರೆ. ಈಗ ಅತ್ತಿಗೆ ಒಬ್ಬೊಬ್ಬರಿಗೇ ಬರೆಯುತ್ತಾರೆ. ಎಷ್ಟು ಹಪ್ಪಳ ಅನ್ನುವುದನ್ನೂ ಆಗಲೇ ಸೇರಿಸಲು ಬರುತ್ತದೆ. ತನ್ನ ಆರ್ಡರು ನೆನಪಿದೆ ಅಂತ ಗಿರಾಕಿಗೂ ಗೊತ್ತಾಗುತ್ತದೆ.

ದುಡ್ಡು ವಾಪಸ್ ಅನ್ನುವುದು ಬರೀ ಸೌಜನ್ಯವಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಹೇಳಿದ ಸಮಯಕ್ಕಿಂತ ತಡವಾಗಿ ಬಂದ ಸರಕನ್ನು ವಾಪಸ್ ತೆಗೆದುಕೊಂಡು ದುಡ್ಡು ಮರಳಿಸಲು ಮಾರಿದವರು ಒಲ್ಲೆ ಅನ್ನುವಂತಿಲ್ಲ. ಕೈಮೀರಿದ ಕಾರಣಕ್ಕೆ ತಡವಾದರೆ ವಿನಾಯಿತಿ ಇದೆ. ಮಳೆಯನ್ನು ಆ ಸಾಲಿಗೆ ಸೇರಿಸಿ ವಾದ ಮಾಡಬಹುದೇನೋ. ವಾದ ಗೆದ್ದ ಮೇಲೆ ಆ ಗಿರಾಕಿ ಮತ್ತೆ ಹಪ್ಪಳ ಕೇಳುತ್ತಾನೆಯೇ ಅನ್ನುವುದು ಬೇರೆ ಮಾತು.

ಆ ಸಲ ಹೆಚ್ಚಿನವರು ಕಾಯುತ್ತೇವೆ ಅಂದರು. ಒಬ್ಬರಿಗೆ ಮಾತ್ರ ಆಗಲಿಲ್ಲ. ಅವರ ಮಗಳು ಭಾನುವಾರ ಅಮೆರಿಕಾಗೆ ಹೊರಟಿದ್ದಳು, ಹಪ್ಪಳ ಅವಳ ಸೂಟ್‌ಕೇಸಿಗೆ. ಅವರಿಗೆ ಗುರುವಾರದ ಹಪ್ಪಳದ ಜೊತೆ ಹತ್ತು ಜಾಸ್ತಿ ಕೊಟ್ಟರೂ ಉಪಯೋಗವಿಲ್ಲ. ಅತ್ತಿಗೆ ಅಂದೇ ದುಡ್ಡು ಹಾಕಿ, ಮಳೆಗೆ ಮುಂಚೆಯೇ ಹಪ್ಪಳ ಒಣಗಿಸಿಟ್ಟಿದ್ದ ಪಕ್ಕದೂರಿನ ಒಬ್ಬರ ನಂಬರು ಕಳಿಸಿದರು. ಬುಧವಾರವೇ ಹೇಳಿದ್ದರಿಂದ ಅವರಿಗೆ ಬೇರೆ ಕಡೆ ತರಿಸಿಕೊಳ್ಳಲು ಸಮಯವಿತ್ತು.

ಅಷ್ಟೂ ಹೊತ್ತು ಜಗಲಿಯಲ್ಲಿ ಕೂತು ನೋಡುತ್ತಿದ್ದ ನಮ್ಮಮ್ಮನಿಗೆ ಮಾತ್ರ ಇದೆಲ್ಲ ಹಿಡಿಸಲಿಲ್ಲ. "ಇಷ್ಟು ಬರೆಯುವ ಹೊತ್ತಿಗೆ ಇನ್ನೂ ಐವತ್ತು ಹಪ್ಪಳ ಒತ್ತಬಹುದಿತ್ತು" ಅಂದರು. "ಒತ್ತಿ ಎಲ್ಲಿ ಹರವೋದು ಅತ್ತೆ?" ಅಂತ ಅತ್ತಿಗೆ ಮುಂದಿನ ಮೆಸೇಜು ಬರೆಯತೊಡಗಿದರು.