ಮಸ್ಕತ್ತಿನ ಎಕ್ಸೆಲ್, ಉಡುಪಿಯ ಒಂದೇ ಹಾಳೆ

ನಾನು ಮಸ್ಕತ್ತಿನಲ್ಲಿ ಕ್ವಾಂಟಿಟಿ ಸರ್ವೇಯರ್. ನಮ್ಮಲ್ಲಿ ಡ್ರಾಯಿಂಗ್ ಬೇರೆ, ಬಿಓಕ್ಯೂ ಎಂಬ ಪ್ರಮಾಣಪಟ್ಟಿ ಬೇರೆ. ಆ ಪಟ್ಟಿ ಎಕ್ಸೆಲ್ ಫೈಲಾಗಿಯೇ ಬರುತ್ತದೆ, ನಕ್ಷೆಯ ಹಾಳೆಯಲ್ಲಿ ಅದನ್ನು ಹುಡುಕುವ ಪ್ರಸಂಗವೇ ಇಲ್ಲ. ಊರಿನ ಕ್ರಮ ಹಾಗಲ್ಲ. ಉಡುಪಿ ಕಡೆ ಒಂದು ಕಾಂಪೌಂಡ್ ಗೋಡೆಯ ಕೆಲಸವಾದರೆ ಪ್ಲಾನ್, ಸೆಕ್ಷನ್, ಎಸ್ಟಿಮೇಟ್ ಪಟ್ಟಿ ಎಲ್ಲ ಒಂದೇ ಹಾಳೆಯಲ್ಲಿ. ಮೇಸ್ತ್ರಿಯ ಕೈಗೂ ಅದೇ ಹಾಳೆ, ಕಚೇರಿಗೂ ಅದೇ. ಉಳಿದ ಜಾಗದಲ್ಲಿ ಪಟ್ಟಿ ತುರುಕಬೇಕಾದ್ದರಿಂದ ಅದು ಹೋಗಿ ಬಲಬದಿಯ ಟೈಟಲ್ ಬ್ಲಾಕಿಗೆ, ಅಂದರೆ ಸ್ಕೇಲು, ಹಾಳೆಯ ಸಂಖ್ಯೆ, ರಿವಿಷನ್ ಎಲ್ಲ ಬರೆಯುವ ಕೋಷ್ಟಕಕ್ಕೆ, ಅಂಟಿ ಕೂರುತ್ತದೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಂಥದ್ದೇ ಒಂದು ಹಾಳೆಯ ಪಿಡಿಎಫ್ ಭಾವನ ಮೊಬೈಲಿನಲ್ಲಿತ್ತು. ಅವರು ಸಣ್ಣ ಗುತ್ತಿಗೆದಾರರು. ಬ್ರಹ್ಮಾವರದ ಹತ್ತಿರ 42 ಮೀಟರ್ ಉದ್ದದ ಕೆಂಪುಕಲ್ಲಿನ ಗೋಡೆ, ರೇಟು ಹಾಕಿ ಕೊಡಬೇಕು. ಅವರ ಕ್ರಮವೆಂದರೆ ಅಕ್ಕ ಓದುವುದು, ಇವರು ಟೈಪ್ ಮಾಡುವುದು. "ಬಿಡಿ ಭಾವ, ಎರಡು ನಿಮಿಷದ ಕೆಲಸ" ಎಂದು ನಾನು ಲ್ಯಾಪ್‌ಟಾಪ್ ತೆರೆದೆ.

`pdftotext -layout` ಓಡಿಸಿದೆ. ಈ ಆಜ್ಞೆ ಹಾಳೆಯ ಮೇಲಿನ ಅಕ್ಷರಗಳನ್ನು ಸಾಲುಸಾಲಾಗಿ ಹೊರತೆಗೆಯುತ್ತದೆ. ಒಂದೇ ಎತ್ತರದಲ್ಲಿ ಇದ್ದದ್ದೆಲ್ಲ ಅದಕ್ಕೆ ಒಂದೇ ಸಾಲು. ನಡುವೆ ಗೆರೆ ಇದೆ, ಈಚೆಗಿನದು ಪಟ್ಟಿ, ಆಚೆಗಿನದು ಟೈಟಲ್ ಬ್ಲಾಕ್ ಎಂಬುದು ಅದಕ್ಕೆ ಕಾಣದು. ಬಂದ ಮೊದಲ ಸಾಲು ಹೀಗಿತ್ತು:

```
1  EARTH WORK EXCAVATION  1  42.00  0.75  0.70  22.05  m   SCALE  1:50
```

ಸಾಲಿನ ಕೊನೆಯ ಅಂಕಿಯೇ ಪ್ರಮಾಣ ಎಂದುಕೊಂಡು ಬರೆದ ನನ್ನ ಪುಟ್ಟ ಸ್ಕ್ರಿಪ್ಟ್, ಅಗೆತಕ್ಕೆ 50 ಎಂದು ಹಾಕಿತು. ಎರಡನೇ ಸಾಲಿನ ಕಾಂಕ್ರೀಟಿಗೆ `SHEET 2 OF 3` ಇಂದ 3 ಬಂತು. ನಿಜವಾದ ಪ್ರಮಾಣ 3.15, ಹಾಗಾಗಿ ಈ ತಪ್ಪು ಕಣ್ಣಿಗೆ ಬೀಳುವಂಥದ್ದೂ ಅಲ್ಲ. ಭಾವ ಮಾತ್ರ ಮೊದಲನೆಯದನ್ನು ನೋಡಿದವರೇ, "ಎಂತ ಮಾರಾಯ, ಐವತ್ತು ಕ್ಯೂಬಿಕ್ ಮೀಟರಾ? ಕಾಂಪೌಂಡಿಗೆ ಪಾಯ ತೆಗಿಯುದಾ, ಬಾವಿ ತೋಡುದಾ?" ಎಂದರು.

ಇಲ್ಲಿ ಹೆಚ್ಚಿನವರು ಮಾಡುವುದೇನೆಂದರೆ `SCALE`, `SHEET`, `DRAWN BY` ಎಂಬ ಪದಗಳ ಪಟ್ಟಿ ಮಾಡಿ ಒಂದೊಂದನ್ನೇ ಅಳಿಸುತ್ತಾ ಕೂರುವುದು. ನನಗೆ ಅದು ಅಕ್ಕಿಗೆ ಕಲ್ಲು ಬೆರೆಸಿ ಆಮೇಲೆ ಆರಿಸುವ ಕೆಲಸದ ಹಾಗೆ ಕಾಣುತ್ತದೆ. ಮುಂದಿನ ಎಂಜಿನಿಯರನ ಟೈಟಲ್ ಬ್ಲಾಕಿನಲ್ಲಿ ಬೇರೆ ಪದ ಇರುತ್ತದೆ. ಪದ ನೋಡಿ ಬೇರ್ಪಡಿಸುವ ಬದಲು ಜಾಗ ನೋಡಿ ಮೊದಲೇ ಕತ್ತರಿಸಬೇಕು.

ಅದಕ್ಕೆ ಬೇಕಾದದ್ದು ಸ್ಕೇಲು ಹಿಡಿಯುವ ಬುದ್ಧಿ ಅಷ್ಟೇ. ಎ1 ಹಾಳೆ 841 ಮಿ.ಮೀ. ಅಗಲ, 594 ಮಿ.ಮೀ. ಎತ್ತರ. ಪಿಡಿಎಫ್ ಅಳೆಯುವುದು ಪಾಯಿಂಟಿನಲ್ಲಿ, ಇಂಚಿಗೆ 72. ಅಂದರೆ ಮಿಲಿಮೀಟರನ್ನು 2.835ರಿಂದ ಗುಣಿಸಿದರೆ ಪಾಯಿಂಟು. ನಮ್ಮ ಹಾಳೆಯಲ್ಲಿ ಬಲಕ್ಕೆ 10 ಮಿ.ಮೀ. ಅಂಚು, ಅದರ ಒಳಗೆ 180 ಮಿ.ಮೀ. ಟೈಟಲ್ ಬ್ಲಾಕ್. ಅದರ ಎಡಗೆರೆ 651ನೇ ಮಿಲಿಮೀಟರಿಗೆ, ಸುಮಾರು 1846 ಪಾಯಿಂಟಿಗೆ ಬರುತ್ತದೆ. ಪಟ್ಟಿಯ ಉಳಿದ ಮೂರು ಬದಿಗಳನ್ನೂ ಹಾಗೆಯೇ ಅಳೆದು ಪೈಥಾನಿನ `pdfplumber`ಗೆ ಕೊಟ್ಟೆ:

```python
import pdfplumber
p = pdfplumber.open("sheet.pdf").pages[0]
print(p.width, len(p.chars))
t = p.crop((1116, 1158, 1848, 1478)).extract_table()
```

ಮೂರನೇ ಸಾಲನ್ನು ಸುಮ್ಮನೆ ಬರೆದದ್ದಲ್ಲ. ಅಗಲ 2384ರ ಹತ್ತಿರ ಬರಬೇಕು. 1191 ಬಂದರೆ ಯಾರೋ ಎ3ಗೆ ಕುಗ್ಗಿಸಿ ಪ್ರಿಂಟ್ ಮಾಡಿದ್ದಾರೆ, ಆಗ ಎಲ್ಲ ಅಳತೆಯೂ ಅರ್ಧ. ಅಕ್ಷರಗಳ ಲೆಕ್ಕ ಸೊನ್ನೆ ಬಂದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಇಲ್ಲವೇ ಆಟೋಕ್ಯಾಡಿನ ಎಸ್‌ಎಚ್‌ಎಕ್ಸ್ ಫಾಂಟು. ಆ ಫಾಂಟಿನಲ್ಲಿ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರಿಯ ಗೆರೆಗಳಾಗಿ ಪಿಡಿಎಫ್‌ಗೆ ಇಳಿಯುತ್ತದೆ. ಆಗ ಒದ್ದಾಡದೆ ಎಂಜಿನಿಯರಿಗೆ ಫೋನು ಮಾಡಿ ಮೂಲ ಡ್ರಾಯಿಂಗ್ ಫೈಲನ್ನೇ ಕೇಳುವುದು ಒಳ್ಳೆಯದು.

ಈ ಹಾಳೆಯಲ್ಲಿ ಪಟ್ಟಿಗೆ ಸ್ವಂತ ಬಲಗೆರೆ ಇರಲಿಲ್ಲ. ಮೇಲಿಂದ ಕೆಳಗಿನವರೆಗೆ ಎಳೆದ ಟೈಟಲ್ ಬ್ಲಾಕಿನ ಗೆರೆಯೇ ಪಟ್ಟಿಯ ಕೊನೆಯ ಗೋಡೆ. ನೆರೆಮನೆಯ ಗೋಡೆಗೆ ಆನಿಸಿ ಕಟ್ಟಿದ ಮನೆಯ ಹಾಗೆ. ಅದಕ್ಕೇ 1846ಕ್ಕೆ ನಿಲ್ಲಿಸದೆ 1848ರವರೆಗೆ ಕತ್ತರಿಸಿದ್ದು: ಗೆರೆ ಒಳಗೆ ಬರಬೇಕು, ಆಚೆಯ ಅಕ್ಷರ ಬರಬಾರದು. `crop` ಬದಲು `within_bbox` ಬಳಸಿದರೆ ಪೂರ್ತಿ ಒಳಗಿರುವ ವಸ್ತುಗಳು ಮಾತ್ರ ಉಳಿಯುತ್ತವೆ. ಚೌಕಟ್ಟಿನಿಂದ ಹೊರಗೂ ಚಾಚಿದ ಆ ಉದ್ದ ಗೆರೆ ಮಾಯವಾಗುತ್ತದೆ, ಅದರ ಜೊತೆ ಕೊನೆಯ ಕಾಲಂ ಕೂಡ. `crop` ಆದರೆ ಗೆರೆಯನ್ನು ತುಂಡರಿಸಿ ಒಳಗಿನ ಭಾಗವನ್ನು ಉಳಿಸಿಕೊಳ್ಳುತ್ತದೆ.

ಈಗ ಐದೂ ಸಾಲು ಸರಿಯಾಗಿ ಬಂದವು. ಘನಮೀಟರಿನ ತಲೆಯ ಮೇಲಿನ 3 ಮಾತ್ರ ಪ್ರತ್ಯೇಕ ಸಾಲಾಗಿ ಬಿತ್ತು, ಆದರೆ ತನ್ನ ಕೋಣೆಯೊಳಗೇ ಬಿದ್ದದ್ದರಿಂದ ಪ್ರಮಾಣಕ್ಕೆ ಅಂಟಲಿಲ್ಲ.

ಬಂದದ್ದು ಸರಿಯೋ ಎಂದು ನೋಡಲು ಸಂಖ್ಯೆ, ಉದ್ದ, ಅಗಲ, ಆಳಗಳನ್ನು ಗುಣಿಸಿ ಪ್ರಮಾಣದ ಕಾಲಮ್ಮಿಗೆ ಹೋಲಿಸಿದೆ. ಅಗೆತ 22.05, ಕಾಂಕ್ರೀಟ್ 3.15, ಪಾಯದ ಕಲ್ಲು 11.34, ಎಲ್ಲ ತಾಳೆ. ನಾಲ್ಕನೆಯದು, ಮೇಲಿನ ಗೋಡೆ, ತಾಳೆಯಾಗಲಿಲ್ಲ: 42.00 × 0.20 × 1.40 ಎಂದರೆ 11.76, ಪಟ್ಟಿಯಲ್ಲಿ 12.60. ಮತ್ತೆ ನನ್ನದೇ ತಪ್ಪೆಂದು ಹಾಳೆಯನ್ನು ದೊಡ್ಡದು ಮಾಡಿ ನೋಡಿದೆ. ಹಾಳೆಯಲ್ಲೂ 12.60 ಎಂದೇ ಇದೆ.

ಉತ್ತರ ಸಿಕ್ಕಿದ್ದು ನಾನು ಕತ್ತರಿಸಿ ಬಿಸಾಡಿದ ತುಂಡಿನಲ್ಲಿ. ಟೈಟಲ್ ಬ್ಲಾಕಿನ ರಿವಿಷನ್ ಕೋಷ್ಟಕದಲ್ಲಿ `R2` ಎದುರು, ಗೋಡೆಯ ಎತ್ತರ 1.50ರಿಂದ 1.40ಕ್ಕೆ ಇಳಿಸಿದೆ ಎಂದಿತ್ತು. ಎತ್ತರ ತಿದ್ದಿದವರು ಎರಡೂ ಬದಿಯ ಕಲ್ಲಿನ ಸಂದು ತುಂಬುವ ಪಾಯಿಂಟಿಂಗ್ ಕೆಲಸವನ್ನು 117.60 ಚದರ ಮೀಟರಿಗೆ ಸರಿಮಾಡಿದ್ದಾರೆ, ಕಲ್ಲಿನ ಪ್ರಮಾಣ ಮರೆತಿದ್ದಾರೆ.

ಒಂದೇ ಹಾಳೆಯಲ್ಲಿದ್ದರೆ ನಕ್ಷೆ ಮತ್ತು ಪ್ರಮಾಣ ಒಟ್ಟಿಗೆ ತಿದ್ದಲ್ಪಡುತ್ತವೆ ಎಂದು ಊರಿನ ಕ್ರಮವನ್ನು ನಾನು ಮಸ್ಕತ್ತಿನಲ್ಲಿ ಹೊಗಳಿದ್ದುಂಟು. ಅಲ್ಲಿ ಎಕ್ಸೆಲ್ ಒಂದು ರಿವಿಷನ್, ನಕ್ಷೆ ಇನ್ನೊಂದು ರಿವಿಷನ್ ಆಗಿ ನಾವು ತಿಂಗಳುಗಟ್ಟಲೆ ಪತ್ರ ಬರೆಯುತ್ತೇವೆ. ಆದರೆ ಹಾಳೆಯ ಮೇಲಿನ ಪಟ್ಟಿಯೂ ಕೈಯಲ್ಲಿ ಟೈಪ್ ಮಾಡಿದ ಅಕ್ಷರವೇ, ಪಕ್ಕದ ಗೋಡೆ ಗಿಡ್ಡವಾದರೆ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಹಾಗಿದ್ದೂ ನನ್ನ ಮತ ಒಂದೇ ಹಾಳೆಯ ಕಡೆಗೇ. ತಪ್ಪು ಮತ್ತು ತಪ್ಪಿನ ಕಾರಣ ಒಂದು ಗೇಣಿನ ಅಂತರದಲ್ಲಿ ಸಿಕ್ಕಿದವು. ಎಂಜಿನಿಯರರಲ್ಲಿ ಒಂದೇ ಕೋರಿಕೆ: ಪಟ್ಟಿಗೆ ಸ್ವಂತ ಬಲಗೆರೆ ಎಳೆಯಿರಿ, ಟೈಟಲ್ ಬ್ಲಾಕಿನಿಂದ ಒಂದು ಸೆಂಟಿಮೀಟರ್ ದೂರ ಇಡಿ.

ಆಮೇಲೆ ನಾನು ಟೈಟಲ್ ಬ್ಲಾಕನ್ನೂ ಬೇರೆಯಾಗಿ ಕತ್ತರಿಸಿ, ರಿವಿಷನ್ ಸಂಖ್ಯೆಯನ್ನು ಪ್ರತಿ ಸಾಲಿನ ಎದುರು ಒಂದು ಕಾಲಂ ಮಾಡಿ ಸೇರಿಸಿದೆ. ಭಾವ ಅದನ್ನು ನೋಡಲಿಲ್ಲ. 0.84 ಕ್ಯೂಬಿಕ್ ಮೀಟರ್ ಕಲ್ಲು ಕಮ್ಮಿ ಎಂದದ್ದು ಕೇಳಿದ್ದೇ ಎಂಜಿನಿಯರಿಗೆ ಫೋನು ಹಚ್ಚಿ ಅಂಗಳಕ್ಕೆ ಇಳಿದಿದ್ದರು. ಅಕ್ಕ ಒಳಗಿನಿಂದ, "ನಾನು ಓದಿದ್ರೂ ಅದು ಸಿಕ್ತಿತ್ತು" ಎಂದಳು. ಸಿಗುತ್ತಿತ್ತೋ ಏನೋ, ಅವಳು ಓದುವಾಗ ಬಾಯಲ್ಲೇ ಗುಣಿಸುವವಳು.